*ಯಾರಿಗೆ ಹೇಳಬೇಕಾದ ಸುದ್ದಿ?*

ಇಂದಿನ ಚಿಂತನೆ ನಮ್ಮ ಮನೆಯದೇ.

ಕಳೆದ ತಿಂಗಳು ಮಗಳಿಗೆ ಆರತಿ ಮಾಡಿದೆವು. ಎಂಟನೇ ತರಗತಿಯ ಹುಡುಗಿ. ಸೋದರಮಾವ ಸೀರೆ ತಂದ, ಅತ್ತೆಯವರು ಚಿಗಳಿ ಕುಟ್ಟಿದರು, ಮುತ್ತೈದೆಯರು ತಂಬಿಟ್ಟಿನ ಆರತಿ ಬೆಳಗಿದರು. ಫೋಟೋ ಸ್ಟೇಟಸ್‌ಗೆ ಹಾಕಿ, "ನಮ್ಮ ಮೊಮ್ಮಗಳು ದೊಡ್ಡವಳಾದಳು, ಹರಸಿ" ಎಂದು ಬರೆಯಬೇಕೆಂಬುದು ಅತ್ತೆಯವರ ಆಸೆ. ಎಲ್ಲರೆದುರೇ ಮಗಳನ್ನು ಕೇಳಿದೆ, "ಹಾಕಲಾ?" ತಲೆ ಬಗ್ಗಿಸಿಕೊಂಡೇ "ಹೂಂ" ಅಂದಳು.

ಆ ಹೂಂಕಾರ ನನಗೆ ಒಪ್ಪಿಗೆಯಂತೆ ಕೇಳಲಿಲ್ಲ. ಹಸೆಯ ಮೇಲೆ ಕೂತ ಮಗು ಹತ್ತು ಜನರೆದುರು "ಬೇಡ" ಎನ್ನುವುದು ಹೇಗೆ? ರಾತ್ರಿ ಅವಳೊಬ್ಬಳೇ ಇದ್ದಾಗ ಫೋಟೋ, ಬರಹ ಎರಡನ್ನೂ ತೋರಿಸಿದೆ. "ಅಮ್ಮ, ನಮ್ಮ ಕ್ಲಾಸಿನ ಹುಡುಗರ ಮನೆ ನಂಬರೆಲ್ಲ ನಿನ್ನ ಫೋನಲ್ಲಿದೆ. ಅವರ ಮನೇಲಿ ಫೋನ್ ಹಿಡ್ಕೊಂಡಿರೋದು ಯಾರು?" ಎಂದಳು. ಟೀಚರಾದ ನನಗೇ ಅದು ಹೊಳೆದಿರಲಿಲ್ಲ. "ಅಜ್ಜಿ ಉಡಿಸಿದ ಮೊದಲ ಸೀರೆ" ಎಂದು ತಿದ್ದಿದೆ. "ಮೊದಲ ಸೀರೆ ಅಂದ್ರೂ ಅದೇ ಅರ್ಥ ತಾನೆ?" ಎಂದಳು.

ಅತ್ತೆಯವರು ಕೇಳಿದರು, "ಇದರಲ್ಲಿ ಸುಳ್ಳೇನಿದೆ? ನಾಚಿಕೆ ಯಾಕೆ?" ಸುಳ್ಳಿಲ್ಲ, ನಾಚಿಕೆಪಡುವಂಥದ್ದೂ ಅಲ್ಲ. ಆದರೆ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧರು ಮಗ ರಾಹುಲನಿಗೆ ಸುಳ್ಳಾಡಬೇಡ ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ಮಾತಿನ ಮೊದಲು, ಆಡುವಾಗ, ಆಡಿದ ಮೇಲೆ, ಮೂರು ಸಲವೂ ಇದರಿಂದ ತನಗಾಗಲಿ ಇತರರಿಗಾಗಲಿ ನೋವಾಗುತ್ತದೆಯೇ ಎಂದು ನೋಡಿಕೋ ಎಂದರು. ಸ್ಟೇಟಸ್ 24 ಗಂಟೆಗೆ ಅಳಿಯುತ್ತದೆ. ಅಷ್ಟರಲ್ಲಿ ಯಾರೋ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ. ಹಾಗಾಗಿ ಇಲ್ಲಿ ಮೊದಲ ನೋಟವೇ ಮುಖ್ಯ. ಆಮೇಲಿನ ಪಶ್ಚಾತ್ತಾಪಕ್ಕೆ ತಿದ್ದುವ ಶಕ್ತಿ ಕಡಿಮೆ.

ಸಂಪ್ರದಾಯವೂ ಇದಕ್ಕೆ ವಿರುದ್ಧವಲ್ಲ. ಅತ್ತೆಯವರ ಕಾಲದಲ್ಲಿ ಸುದ್ದಿ ಹೋಗುತ್ತಿದ್ದುದು ಕರೆದ ಮನೆಗಳಿಗೆ. ಆರತಿ ಎತ್ತಲು ಬರುತ್ತಿದ್ದವರು ಹೆಂಗಸರು. ಹುಡುಗಿಗೆ ತನ್ನನ್ನು ನೋಡುತ್ತಿರುವವರು ಯಾರೆಂದು ಗೊತ್ತಿರುತ್ತಿತ್ತು. ಸ್ಟೇಟಸ್‌ನಲ್ಲಿ ಕಳೆದುಹೋಗುವುದು ಆ ತಿಳಿವೇ. ಇದನ್ನು ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೂ ಗಂಡಸರು ಕೇಳಿಸಿಕೊಂಡರೆ ಸಂಕೋಚವೇ ಆಗ್ತಿತ್ತು ಬಿಡು" ಎಂದರು.

ಕೊನೆಗೆ ಮಗಳೇ ಆರಿಸಿದ ಎರಡು ಫೋಟೋಗಳನ್ನು ಪ್ರಿಂಟ್ ಹಾಕಿಸಿದೆವು. ಅತ್ತೆಯವರು ಅವನ್ನು ಬಂದವರಿಗೆಲ್ಲ ತೋರಿಸುತ್ತಾರೆ. ದೂರದ ನೆಂಟರಿಗೆ ತಾವೇ ಫೋನ್ ಮಾಡಿ ಹೇಳಿದರು. ಫೋಟೋ ತೆಗೆದಿದ್ದ ನೆಂಟರಿಗೂ ಎಲ್ಲೂ ಹಾಕಬೇಡಿ ಎಂದು ಕೇಳಿಕೊಂಡೆವು. ಒಬ್ಬರು ಆಗಲೇ ಹಾಕಿಬಿಟ್ಟಿದ್ದರು, ಹೇಳಿದ ಮೇಲೆ ತೆಗೆದರು. ಎಷ್ಟು ಜನ ನೋಡಿದ್ದರೋ.

ನನ್ನ ಸ್ಟೇಟಸ್‌ಗೆ ಹೋದದ್ದು ಚಿಗಳಿ, ತಂಬಿಟ್ಟಿನ ತಟ್ಟೆ ಮಾತ್ರ. ಕೆಳಗಿನ ಸಾಲು ಮಗಳದೇ: "ಅಜ್ಜಿಯ ಕೈರುಚಿ. ಇವತ್ತು ಮನೆ ತುಂಬ ಜನ."

ಭವತು ಸಬ್ಬ ಮಂಗಲಂ 🙏