ಉಪ್ಪಿನ ಋಣ

ತಿಂದ ಉಪ್ಪಿನ ಋಣವನ್ನು ಮರೆಯಬಾರದು ಎಂಬುದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು. ಅನ್ನ ಹಾಕಿದವರಿಗೆ ನಾವು ಬಾಧ್ಯರು ಎಂಬುದು ಅದರ ಸರಳ ಅರ್ಥ. ಆದರೆ ನಮಗೆ ಅನ್ನ ಹಾಕಿದ ಹೊಲದಲ್ಲೇ ಉಪ್ಪು ಮೇಲೆದ್ದು ಹೊಲ ಸತ್ತರೆ ಆ ಋಣ ಯಾರ ಲೆಕ್ಕಕ್ಕೆ ಸೇರಬೇಕು? ಹಸಿರು ಕ್ರಾಂತಿಯ ಬಗ್ಗೆ ಯಾರಾದರೂ ಹೊಗಳಿ ಅಥವಾ ತೆಗಳಿ ಮಾತಾಡಿದಾಗಲೆಲ್ಲ ನನ್ನ ಮನಸ್ಸು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ತೆಗಳುವವರಿಗೆ ಮೊದಲು ಒಂದು ಮಾತು ಹೇಳಬೇಕು. 1965 ಮತ್ತು 1966ರಲ್ಲಿ ಬೆನ್ನುಬೆನ್ನಿಗೆ ಮಳೆ ಕೈಕೊಟ್ಟಿತು. ಅಮೆರಿಕದ ಹಡಗುಗಳು ಗೋಧಿ ತಂದರೆ ಮಾತ್ರ ಪಡಿತರ ಎನ್ನುವ ಸ್ಥಿತಿಗೆ ದೇಶ ಬಂದಿತ್ತು. ಆ ಕಾಲದಲ್ಲಿ ಹೆಚ್ಚು ಇಳುವರಿಯ ಬೀಜವನ್ನು ಬೇಡ ಎನ್ನಲು ಯಾರಿಗೂ ನೈತಿಕ ಹಕ್ಕಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಆ ನಿರ್ಧಾರವನ್ನು ಹಳಿಯುವುದು ಸುಲಭ.

ಆ ಬೀಜದ ಗುಟ್ಟು ಅದರ ಗಿಡ್ಡತನ. ಹಳೆಯ ಭತ್ತದ ತಳಿಗಳು ಎತ್ತರ. ಗೊಬ್ಬರ ಹೆಚ್ಚಾದರೆ ಅವು ಇನ್ನೂ ಎತ್ತರವಾಗಿ, ತೆನೆಯ ಭಾರಕ್ಕೆ ಬಾಗಿ ನೆಲಕ್ಕೆ ಬೀಳುತ್ತಿದ್ದವು. ಹಾಗಾಗಿ ಅವುಗಳಿಗೆ ಯೂರಿಯಾ ಸುರಿದು ಪ್ರಯೋಜನವಿರಲಿಲ್ಲ. 1966ರಲ್ಲಿ ಫಿಲಿಪೈನ್ಸ್‌ನಿಂದ ಬಂದ ಐಆರ್-8, 1968ರಲ್ಲಿ ನಮ್ಮಲ್ಲೇ ಬಿಡುಗಡೆಯಾದ ಜಯ, ಇವು ಗಿಡ್ಡವಾಗಿ ಗಟ್ಟಿಯಾಗಿ ನಿಂತವು. ಹಾಕಿದ ಗೊಬ್ಬರ ಹುಲ್ಲಿಗೆ ಹೋಗದೆ ಕಾಳಿಗೆ ಹೋಯಿತು. ಇವುಗಳಲ್ಲಿ ಇನ್ನೊಂದು ಗುಣವೂ ಇತ್ತು, ಅದರ ಬಗ್ಗೆ ಮಾತು ಕಡಿಮೆ. ಹಳೆಯ ತಳಿಗಳಲ್ಲಿ ಅನೇಕವು ಹಗಲು ಚಿಕ್ಕದಾಗುವುದನ್ನು ಕಾದು ಹೂ ಬಿಡುವಂಥವು. ಹೊಸ ತಳಿಗೆ ಆ ಹಂಗಿರಲಿಲ್ಲ. ನೀರಿದ್ದರೆ ಮುಂಗಾರಿನಲ್ಲೂ ಬೆಳೆಯುತ್ತದೆ, ಬೇಸಿಗೆಯಲ್ಲೂ ಬೆಳೆಯುತ್ತದೆ. ಬೀಜ ಋತುವಿನಿಂದ ಬಿಡುಗಡೆ ಪಡೆಯಿತು, ಆದರೆ ನೀರಿಗೆ ಕಟ್ಟುಬಿತ್ತು.

ಇದರ ಪರಿಣಾಮವನ್ನು ನೋಡಬೇಕಾದರೆ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಹೋಗಬೇಕು. 1953ರಲ್ಲಿ ಮುಗಿದ ಆ ಅಣೆಕಟ್ಟಿನ ಮೂಲ ಯೋಜನೆಯಲ್ಲಿ ಭತ್ತಕ್ಕೆ ಸಣ್ಣ ಪಾಲಷ್ಟೇ ಇತ್ತು. ಬರಗಾಲದ ಸೀಮೆಯಲ್ಲಿ ಇದ್ದ ನೀರನ್ನು ತೆಳುವಾಗಿ ಹರಡಿ ಜೋಳ, ಶೇಂಗಾ, ಹತ್ತಿಗಳನ್ನು ಉಳಿಸಿಕೊಳ್ಳಬೇಕೆಂಬುದು ಉದ್ದೇಶ. ಯಾವ ಹೊಲಕ್ಕೆ ಯಾವ ಬೆಳೆ ಎಂದು ಕಾಗದದಲ್ಲಿ ಗೊತ್ತು ಮಾಡಲಾಗಿತ್ತು. ಹೊಸ ಬೀಜ ಬಂದ ಮೇಲೆ ಆ ಕಾಗದಕ್ಕೆ ಬೆಲೆ ಉಳಿಯಲಿಲ್ಲ. ಗಂಗಾವತಿ, ಸಿಂಧನೂರಿನ ಕಡೆ ಕರಿ ಎರೆಹೊಲಗಳೆಲ್ಲ ಗದ್ದೆಗಳಾದವು, ವರ್ಷಕ್ಕೆ ಎರಡು ಬೆಳೆ ಬಂತು, ಅಕ್ಕಿ ಗಿರಣಿಗಳೆದ್ದವು. ನಾಡಿನ ಎಷ್ಟೋ ಮನೆಗಳ ಸೋನಾ ಮಸೂರಿ ಅಲ್ಲಿಂದ ಬಂದದ್ದು. ನನ್ನ ಮನೆಯದೂ ಅಷ್ಟೆ.

ಇನ್ನು ಉಪ್ಪಿನ ವಿಷಯ. ಕಾಲುವೆಯ ನೀರು ಎಷ್ಟು ಸಿಹಿಯಾಗಿದ್ದರೂ ಅದರಲ್ಲಿ ಸ್ವಲ್ಪ ಉಪ್ಪು ಕರಗಿರುತ್ತದೆ. ಲೀಟರಿಗೆ 0.2 ಗ್ರಾಂ ಎಂದುಕೊಳ್ಳಿ, ನಾಲಿಗೆಗೆ ತಿಳಿಯುವುದೇ ಇಲ್ಲ. ಒಂದು ಹೆಕ್ಟೇರು ಭತ್ತಕ್ಕೆ ಒಂದು ಬೆಳೆಗೆ 1.2 ಕೋಟಿ ಲೀಟರ್ ನೀರು ಹಾಯಿಸಿದರೆ ಅದರೊಂದಿಗೆ 2,400 ಕಿಲೊ ಉಪ್ಪು ಹೊಲಕ್ಕೆ ಬಂದಂತಾಯಿತು, ಎಂದರೆ ಎಕರೆಗೆ ಸುಮಾರು ಒಂದು ಟನ್. ನೀರು ಬಸಿದು ಹೊರಹೋದರೆ ಉಪ್ಪೂ ಹೋಗುತ್ತದೆ. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷವರ್ಷವೂ ಅಂತರ್ಜಲ ಮೇಲೇರುತ್ತದೆ. ಅದು ನೆಲದ ಮೇಲ್ಮೈಯಿಂದ ಒಂದೂವರೆ ಎರಡು ಮೀಟರಿನೊಳಗೆ ಬಂತೆಂದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ. ಬಂದ ಉಪ್ಪಿನ ಜೊತೆಗೆ ನೆಲದಾಳದಲ್ಲಿದ್ದ ಹಳೆಯ ಉಪ್ಪೂ ಮೇಲೆ ಉಳಿಯುತ್ತದೆ. ನೀರು ನಿಂತದ್ದು ಜವಳು, ಉಪ್ಪು ಎದ್ದದ್ದು ಸವಳು. ಆ ಕಡೆಯ ಜನ ಎರಡನ್ನೂ ಒಟ್ಟಿಗೇ ಸೇರಿಸಿ ಹೇಳುತ್ತಾರೆ. ಮೊದಲು ಗದ್ದೆಯ ಒಂದು ಮೂಲೆಯಲ್ಲಿ ಸಸಿ ಹಿಡಿಯುವುದಿಲ್ಲ, ಎಲೆಯ ತುದಿ ಸುಟ್ಟಂತಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬಿಳಿ ಪೊರೆ ಕಾಣಿಸುತ್ತದೆ. ಬೆಳೆ ಹಳದಿಯಾಯಿತೆಂದು ರೈತ ಇನ್ನೊಂದು ಚೀಲ ಯೂರಿಯಾ ಹಾಕುತ್ತಾನೆ. ಆದರೆ ಉಪ್ಪಿನ ಮಣ್ಣಿನಲ್ಲಿ ಬೇರಿಗೆ ನೀರೆಳೆಯುವುದೇ ಕಷ್ಟ, ಗೊಬ್ಬರ ಎಲ್ಲಿಂದ ದಕ್ಕಬೇಕು? ಖರ್ಚು ಮಾತ್ರ ಏರುತ್ತದೆ.

ಸಿಂಧನೂರಿನ ಹತ್ತಿರ ಒಬ್ಬ ಹಿರಿಯ ರೈತರನ್ನು ನಾನು ಕೇಳಿದ್ದೆ: ‘ಭತ್ತ ಬಿಟ್ಟು ಮತ್ತೆ ಜೋಳ ಹಾಕಬಾರದೇ?’ ಅವರು ನನ್ನ ಅಜ್ಞಾನಕ್ಕೆ ನಗಲಿಲ್ಲ. ‘ನೀರು ನಿಲ್ಲಿಸಿದ್ರ ಉಪ್ಪು ಮ್ಯಾಲ ಬರತೈತ್ರಿ. ನೀರು ನಿಂತಿದ್ರ ಅದು ಕೆಳಗ ಇರತೈತಿ. ಭತ್ತ ಬಿಟ್ರ ಈ ಹೊಲದಾಗ ಏನೂ ಬರಂಗಿಲ್ಲ’ ಎಂದರು.

ಅವರ ಮಾತು ಶಾಸ್ತ್ರಕ್ಕೂ ಸರಿಯಾದದ್ದು. ನಿಂತ ನೀರು ಬೇರಿನ ಸುತ್ತಲಿನ ಉಪ್ಪನ್ನು ಕೆಳಕ್ಕೆ ತಳ್ಳುತ್ತದೆ, ಆ ಬೆಳೆಯ ಮಟ್ಟಿಗೆ. ಅದೇ ನೀರು ಅಂತರ್ಜಲವನ್ನು ಇನ್ನಷ್ಟು ಏರಿಸುತ್ತದೆ. ರೋಗ ತಂದದ್ದೇ ಔಷಧವೂ ಆಗಿದೆ, ಔಷಧ ರೋಗವನ್ನು ಬೆಳೆಸುತ್ತಿದೆ. ಹೀಗೆ ಸಿಕ್ಕಿಬಿದ್ದವನನ್ನು ದುರಾಸೆಯವನೆನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೂ ನಷ್ಟ ಅವನೊಬ್ಬನದಲ್ಲ. 200 ಕಿಲೋಮೀಟರಿಗೂ ಉದ್ದವಾದ ಆ ಕಾಲುವೆಯ ಮೇಲ್ಭಾಗದಲ್ಲಿ ಗದ್ದೆಗಳು ಕುಡಿದು ಕೊಳೆಯುವ ನೀರು ಕೊನೆಯ ಭಾಗದ ರೈತನಿಗೆ ಸಿಗಬೇಕಾಗಿದ್ದ ನೀರು. ಮಾನ್ವಿ, ರಾಯಚೂರಿನ ಕಡೆಯವರು ನೀರಿಗಾಗಿ ರಸ್ತೆಗಿಳಿಯುವುದು ಹೊಸದೇನಲ್ಲ. ಒಬ್ಬನ ಹೊಲ ನೀರು ಹೆಚ್ಚಾಗಿ ಕೆಟ್ಟಿತು, ಇನ್ನೊಬ್ಬನದು ನೀರಿಲ್ಲದೆ ಒಣಗಿತು. ಚೀಲಗಳನ್ನು ಎಣಿಸಿ ಇಳುವರಿ ಎಂದು ಬರೆದುಕೊಳ್ಳುವ ಪುಸ್ತಕದಲ್ಲಿ ಇವೆರಡಕ್ಕೂ ಕಾಲಂ ಇಲ್ಲ.

ಬೀಜ ಉಪ್ಪನ್ನು ಹೊತ್ತು ತರಲಿಲ್ಲ, ನಿಜ. ನೀರು ಬರುವ ದಾರಿಯನ್ನು ಕಟ್ಟಿದ ನಾವು ನೀರು ಹೋಗುವ ದಾರಿಯನ್ನು ಸಾಕಷ್ಟು ಕಟ್ಟಲಿಲ್ಲ, ಅದೇ ಮೂಲ. ಇದಕ್ಕೆ ಪರಿಹಾರವೂ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಭೂಮಿಯ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ನೆಲದೊಳಗೆ ರಂಧ್ರವಿರುವ ಕೊಳವೆಗಳನ್ನು ಸಾಲಾಗಿ ಹೂಳಿದರೆ ಉಪ್ಪುನೀರು ಅವುಗಳೊಳಗೆ ಬಸಿದು ಹೊರಹೋಗುತ್ತದೆ. ಸೋಡಿಯಂ ಹಿಡಿದು ಗಟ್ಟಿಯಾದ ಕ್ಷಾರಭೂಮಿಗೆ ಜಿಪ್ಸಂ ಬೇಕು. ಬರೀ ಸವಳಿಗೆ ಜಿಪ್ಸಂ ಹಾಕಿದರೆ ದುಡ್ಡು ದಂಡ. ಮಣ್ಣು ಪರೀಕ್ಷೆ ಮಾಡಿಸದೆ ಯಾವುದನ್ನೂ ಮಾಡಬಾರದು.

ಕೊಳವೆಯ ತೊಡಕು ಬೇರೆ. ಒಬ್ಬನ ಹೊಲದ ಉಪ್ಪುನೀರು ಹಳ್ಳ ಸೇರಬೇಕಾದರೆ ಪಕ್ಕದವನ ಹೊಲವನ್ನು ದಾಟಬೇಕು, ಆ ಹಳ್ಳದ ಕೆಳಗಿನವನಿಗೂ ಒಪ್ಪಿಗೆಯಾಗಬೇಕು. ನಾಲ್ಕೆಕರೆಯ ರೈತ ಸಾಲ ಮಾಡಿ ಒಬ್ಬನೇ ಮಾಡಿಕೊಳ್ಳುವ ಕೆಲಸ ಇದಲ್ಲ. ನನಗೆ ಕಾಣುವ ನೈತಿಕ ಪ್ರಶ್ನೆ ಇಲ್ಲಿದೆ. ದೇಶದ ಹಸಿವೆಗಾಗಿ ತೆಗೆದ ಸಾಲಕ್ಕೆ ಅವನ ಹೊಲವನ್ನು ಒತ್ತೆಯಿಟ್ಟವರು ನಾವೆಲ್ಲ. ತೀರಿಸುವಾಗ ಮಾತ್ರ ಅದು ಅವನ ಸ್ವಂತ ಸಾಲವಾಗುತ್ತದೆ. ಬೀಜ, ಗೊಬ್ಬರ, ಅಣೆಕಟ್ಟುಗಳಿಗೆ ಸಾರ್ವಜನಿಕ ಹಣ ಹಾಕಿದವರಿಗೆ ಬಸಿಗಾಲುವೆಗೂ ಹಾಕುವ ಹೊಣೆಯಿದೆ. ಅಗ್ಗದ ಅಕ್ಕಿ ತಿಂದ ನಾನು ಅದಕ್ಕೆ ಪಾಲು ಕೊಡುವುದು ರೈತನಿಗೆ ಮಾಡುವ ಉಪಕಾರವಲ್ಲ, ಬಾಕಿ ಉಳಿಸಿಕೊಂಡ ಬೆಲೆ.