ಸಂಖ್ಯೆ ಹೇಳಿ ಸುಮ್ಮನಿರಿ

ಸಂದರ್ಶನಗಳೆಲ್ಲ ಮುಗಿದ ಮೇಲೆ ಎಚ್‌ಆರ್‌ನವರ ಫೋನ್ ಬರುತ್ತದೆ. “ಕಂಗ್ರಾಟ್ಸ್, ನಿಮಗೆ 12 ಲಕ್ಷ ಆಫರ್ ಮಾಡ್ತಿದ್ದೀವಿ, ಓಕೆನಾ?” ಖುಷಿಯಲ್ಲಿ ಬಹಳ ಮಂದಿ ಆ ಕ್ಷಣವೇ ಓಕೆ ಅಂದುಬಿಡುತ್ತಾರೆ. ಒಮ್ಮೆ ಒಪ್ಪಿದ ಮೇಲೆ ಮತ್ತೆ ಸಂಬಳದ ಮಾತೆತ್ತುವುದು ಕಷ್ಟ. ಆದ್ದರಿಂದ ಆ ಕರೆಯಲ್ಲಿ ಒಪ್ಪಲೂ ಬೇಡಿ, ಚೌಕಾಸಿಗೂ ಇಳಿಯಬೇಡಿ. “ತುಂಬಾ ಥ್ಯಾಂಕ್ಸ್ ಮೇಡಂ, ಖುಷಿಯಾಯ್ತು. ಬ್ರೇಕ್‌-ಅಪ್ ಮೇಲ್ ಮಾಡ್ತೀರಾ? ನೋಡ್ಕೊಂಡು ನಾಳೆ ಸಂಜೆಯೊಳಗೆ ಕಾಲ್ ಮಾಡ್ತೀನಿ” ಎಂದರೆ ಸಾಕು.

ಬ್ರೇಕ್‌-ಅಪ್ ಏಕೆ ಬೇಕೆಂದರೆ, ಸಿಟಿಸಿ ಎನ್ನುವುದು ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದಷ್ಟೂ ಕೈಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿರುವ ಒಬ್ಬಾಕೆಗೆ ಈ ಆಫರ್ ಬಂದಿದೆ ಎಂದುಕೊಳ್ಳೋಣ. 12 ಲಕ್ಷದಲ್ಲಿ 1.2 ಲಕ್ಷ ವೇರಿಯಬಲ್. ಆಕೆಯ ಮತ್ತು ಕಂಪನಿಯ ಸಾಧನೆ ನೋಡಿ ಕೊಡುವ ಹಣ, ಪೂರ್ತಿ ಬರಬಹುದು, ಬರದೆಯೂ ಇರಬಹುದು. ಉಳಿದ 10.8 ಲಕ್ಷ ಫಿಕ್ಸೆಡ್. ಅದರೊಳಗೇ ಬೇಸಿಕ್ 6 ಲಕ್ಷದ ಶೇ. 12ರಂತೆ ಕಂಪನಿಯ ಪಾಲಿನ ಪಿಎಫ್ 72,000 ಮತ್ತು ಶೇ. 4.81ರಂತೆ ಗ್ರಾಚ್ಯುಯಿಟಿ ಸುಮಾರು 29,000 ಸೇರಿವೆ. ಇವನ್ನು ಕಳೆದರೆ ತಿಂಗಳಿಗೆ ಸುಮಾರು 81,600 ರೂಪಾಯಿ. ಆಕೆಯ ಪಾಲಿನ ಪಿಎಫ್, ಇದ್ದರೆ ತೆರಿಗೆ, ಇದರಲ್ಲೇ ಕಡಿತವಾಗಬೇಕು. 12 ಲಕ್ಷವನ್ನು 12ರಿಂದ ಭಾಗಿಸಿ ತಿಂಗಳಿಗೆ ಒಂದು ಲಕ್ಷ ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಹಾಗಾಗಿ ಆಕೆ ಮಾತಾಡಬೇಕಾದದ್ದು ಫಿಕ್ಸೆಡ್ ಬಗ್ಗೆ.

ಮರುದಿನ ಆಕೆಯೇ ಫೋನ್ ಮಾಡುತ್ತಾಳೆ. ಹೇಳುವುದು ಒಂದು ಕಾರಣ, ಒಂದು ಸಂಖ್ಯೆ: “ಮೇಡಂ, ಈ ಕೆಲಸ ನನಗೆ ಇಷ್ಟ. ಆಟೊಮೇಷನ್ ಪೂರ್ತಿ ನಾನೇ ನೋಡ್ಕೋಬೇಕು ಅಂತ ಮ್ಯಾನೇಜರ್ ಹೇಳಿದ್ರು. ಅದಕ್ಕೆ ಫಿಕ್ಸೆಡ್ 12 ಲಕ್ಷ ಕೇಳ್ತಿದ್ದೀನಿ.” ಇಲ್ಲಿಗೆ ನಿಲ್ಲಿಸಬೇಕು. ಮನೆ ಬಾಡಿಗೆ, ತಂಗಿಯ ಓದು ಕಾರಣವಾಗುವುದಿಲ್ಲ. ಎಚ್‌ಆರ್‌ನವರು ಆ ಹಣಕ್ಕೆ ಮೇಲಿನವರ ಅನುಮತಿ ಪಡೆಯಬೇಕು. ಅವರು ಅಲ್ಲಿ ಹೇಳಬಹುದಾದದ್ದು ಕೆಲಸದ ಕಾರಣವೊಂದೇ.

ಆಮೇಲಿನ ಮೌನವೇ ಕಠಿಣ. ಫೋನಿನಲ್ಲಿ ಐದು ಸೆಕೆಂಡ್ ಕೂಡ ಉದ್ದ ಎನಿಸುತ್ತದೆ. ಮುಜುಗರ ತಡೆಯಲಾರದೆ ನಾವೇ “ಆಗದಿದ್ರೂ ಪರವಾಗಿಲ್ಲ, 11 ಆದ್ರೂ ನಡೆಯುತ್ತೆ” ಅಂದುಬಿಡುತ್ತೇವೆ. ಎದುರಿನವರು ಏನೂ ಹೇಳುವ ಮೊದಲೇ ನಮ್ಮ ಬೆಲೆಯನ್ನು ನಾವೇ ಇಳಿಸಿದಂತಾಯಿತು. ಅವರು ಬಹುಶಃ ಲ್ಯಾಪ್‌ಟಾಪಿನಲ್ಲಿ ಲೆಕ್ಕ ನೋಡುತ್ತಿರುತ್ತಾರೆ ಅಷ್ಟೆ. ನಿಧಾನವಾಗಿ ಉಸಿರಾಡುತ್ತ ಕಾಯಿರಿ. “ಹಲೋ?” ಎಂದರೆ “ಹೇಳಿ ಮೇಡಂ, ಲೈನಲ್ಲೇ ಇದ್ದೀನಿ” ಎನ್ನಿ. ಸಂಖ್ಯೆಯನ್ನು ಮತ್ತೆ ವಿವರಿಸಲು ಹೋಗಬೇಡಿ.

“ಈ ಬ್ಯಾಂಡಿನಲ್ಲಿ ಒಟ್ಟು 12.5ಕ್ಕಿಂತ ಹೆಚ್ಚು ಆಗಲ್ಲ” ಎಂಬ ಉತ್ತರ ಬಂತೆನ್ನಿ. ಇದು ನಿಜವಾದ ಮಿತಿಯೂ ಇರಬಹುದು, ವಾದಿಸಿ ಫಲವಿಲ್ಲ. ಆಕೆ ಒಂದು ಕ್ಷಣ ಬಿಟ್ಟು, ಅದೇ ದನಿಯಲ್ಲಿ, “ಸರಿ ಮೇಡಂ, ಒಟ್ಟು 12.5 ಇರಲಿ. ವೇರಿಯಬಲ್ 60,000ಕ್ಕೆ ಇಳಿಸಿ, ಫಿಕ್ಸೆಡ್ 11.9 ಮಾಡೋಕಾಗುತ್ತಾ?” ಎಂದು ಕೇಳುತ್ತಾಳೆ. ಒಪ್ಪಿದರೆ ಸಿಟಿಸಿ ಏರಿದ್ದು 50,000 ಮಾತ್ರ. ಖಚಿತವಾದ ಹಣ ಏರಿದ್ದು 1.1 ಲಕ್ಷ. ವೇರಿಯಬಲ್‌ನ ಪ್ರಮಾಣ ಬದಲಿಸಲು ಕಂಪನಿಯ ನಿಯಮ ಬಿಡದಿದ್ದರೆ ಜಾಯಿನಿಂಗ್ ಬೋನಸ್ ಕೇಳಬಹುದು. ಆದರೆ ಅದು ಒಂದೇ ಸಲದ್ದು. ಇಂತಿಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಮರಳಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ಓದಿಕೊಳ್ಳಿ.

ಇದನ್ನೆಲ್ಲ ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು. ಕಾರಣ, ಸಂಖ್ಯೆ ಹೇಳುವ ಆ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. “12 ಲಕ್ಷ” ಎನ್ನುವಾಗ ದನಿ ಮೇಲೆದ್ದು ಪ್ರಶ್ನೆಯಂತಾಯಿತೇ? ಆಮೇಲೆ ಪೆಚ್ಚು ನಗೆಯೊಂದು ಸೇರಿತೇ? ದನಿ ಕೆಳಗಿಳಿದು ವಾಕ್ಯ ಮುಗಿಯುವವರೆಗೆ ಮತ್ತೆ ಹೇಳಿ. ಎಚ್‌ಆರ್ ಇಂಗ್ಲಿಷಿನಲ್ಲಿ ಮಾತಾಡುವವರಾದರೆ ಅಭ್ಯಾಸವೂ ಇಂಗ್ಲಿಷಿನಲ್ಲೇ ಆಗಲಿ.

ಕ್ಯಾಂಪಸ್ ಆಯ್ಕೆಯಲ್ಲಿ ಎಲ್ಲರಿಗೂ ಒಂದೇ ಪ್ಯಾಕೇಜ್ ಇರುವೆಡೆ, ಸರ್ಕಾರಿ ವೇತನ ಶ್ರೇಣಿಯಲ್ಲಿ ಈ ಮಾತಿಗೆ ಜಾಗವಿಲ್ಲ. ಬೇರೆ ಕಂಪನಿಯ ಇಲ್ಲದ ಆಫರ್ ಇದೆಯೆಂದು ಹೇಳುವುದೂ ಬೇಡ. ಪತ್ರ ತೋರಿಸಿ ಎಂದರೆ ಅಲ್ಲಿಗೆ ನಂಬಿಕೆ ಮುಗಿಯಿತು. ಫೋನಿನಲ್ಲಿ ಒಪ್ಪಿಗೆ ಸಿಕ್ಕ ದಿನವೇ ಅಂಕಿಗಳನ್ನು ಬರೆದು ಮೇಲ್ ಮಾಡಿ, ತಿದ್ದಿದ ಆಫರ್ ಲೆಟರ್ ಕೇಳಿ. ಅದು ಕೈಸೇರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.