ನಿಂದೆಯನ್ನು ಅಳಿಸಬೇಕೇ, ಉತ್ತರಿಸಬೇಕೇ?



ಹಿಂದೆ ಗಿರಾಕಿಯೊಬ್ಬ ಅಂಗಡಿಯ ಕಟ್ಟೆಯ ಮೇಲೆ ನಿಂತು ಬೈದರೆ ಹತ್ತು ಜನ ಕೇಳುತ್ತಿದ್ದರು, ಮುಂದಿನ ಸಂತೆಯ ಹೊತ್ತಿಗೆ ಮರೆಯುತ್ತಿದ್ದರು. ಈಗ ಅದೇ ಬೈಗುಳ ಮೊಬೈಲಿನಲ್ಲಿ ಬರಹವಾಗಿ ನಿಲ್ಲುತ್ತದೆ. ಅಂಗಡಿಯ ಮೆಟ್ಟಿಲನ್ನೇ ಹತ್ತದವರೂ ಬಂದು ಅದಕ್ಕೆ ತಮ್ಮದೊಂದು ಕಲ್ಲು ಸೇರಿಸುತ್ತಾರೆ. ಹೀಗೆ ಹಲವರು ಮುಗಿಬಿದ್ದಾಗ ಸಣ್ಣ ವ್ಯಾಪಾರಿಯ ಧರ್ಮವೇನು? ತನ್ನ ಮೇಲಿನ ನಿಂದೆಯನ್ನು ಅಳಿಸುವ ಅಧಿಕಾರ ತನ್ನ ಬೆರಳ ತುದಿಯಲ್ಲೇ ಇರುವಾಗ ಅದನ್ನು ಬಳಸಬಹುದೇ? ಈ ಪ್ರಶ್ನೆಯನ್ನು ಒಂದು ಉದಾಹರಣೆಯಿಂದ ವಿಚಾರಿಸೋಣ.

ಸೊಲ್ಲಾಪುರ ಸೀಮೆಯಲ್ಲಿ ಶೇಂಗಾ ಚಟ್ನಿ ಮಾಡಿ ಮಾರುವ ಒಬ್ಬ ವ್ಯಾಪಾರಿ ಇದ್ದಾನೆಂದು ಇಟ್ಟುಕೊಳ್ಳಿ. ಮನೆಮಂದಿಯೇ ಹುರಿದು, ಕುಟ್ಟಿ, ಪಾಕೀಟು ಕಟ್ಟುತ್ತಾರೆ. ಮಳೆಗಾಲದಲ್ಲಿ ಒಂದು ದಿನ 40 ಕಿಲೋ ಚಟ್ನಿ ಮಾಡಿ, 200 ಗ್ರಾಮಿನ 200 ಪಾಕೀಟು ಕಟ್ಟಿದರು. 140 ಮಾರಾಟವಾದವು. ವಾರದೊಳಗೆ ಗಿರಾಕಿಯೊಬ್ಬ ಆ ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಪಾಕೀಟಿನ ಚಿತ್ರ ಹಾಕಿ, ಚಟ್ನಿ ಕಮಟು ಹಿಡಿದಿದೆ, ತಿಂದರೆ ಗಂಟಲು ಕೆರೆಯುತ್ತದೆ ಎಂದು ಮರಾಠಿಯಲ್ಲಿ ಬರೆದ. ಅದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿ, ಎರಡು ದಿನದಲ್ಲಿ ಅದರ ಕೆಳಗೆ 70 ಬರಹಗಳು ಕೂಡಿದವು.

ಮಗನ ರಕ್ತ ಕುದಿಯಿತು. “ಅಪ್ಪಾ, ಎಲ್ಲಾ ಅಳಿಸಿಬಿಡ್ತೀನಿ. ನಮ್ಮ ಬೀಗರು ಬಿಜ್ಜರಿಗೆ ಹೇಳಿ ಚಲೋ ಬರಸ್ತೀನಿ. ಮೊದಲ ಬರದಾಂವ ನಮ್ಮ ಉದ್ರಿ ಇನ್ನೂ ಕೊಟ್ಟಿಲ್ಲ, ಅದನ್ನೂ ಊರಿಗೆ ತಿಳಸ್ತೀನಿ” ಎಂದ. ತಂದೆ, “ಇವತ್ತ ಏನೂ ಬರೀಬ್ಯಾಡಪಾ. ಮೊದಲ ಪಾಕೀಟ ಒಡದ ನೋಡೂಣು” ಎಂದ.

ಇಲ್ಲಿಯೇ ಮೊದಲ ಪಾಠವಿದೆ. ಉತ್ತರ ಬರೆಯುವ ಮುನ್ನ ದೂರು ನಿಜವೋ ಸುಳ್ಳೋ ತಿಳಿಯಬೇಕು. ಉಳಿದ 60 ಪಾಕೀಟುಗಳಲ್ಲಿ ಕೆಲವನ್ನು ಒಡೆದು ಮೂಸಿದರು. ಹಳೆಯ ಎಣ್ಣೆಯ ವಾಸನೆ ಬಂತು. ಶೇಂಗಾದಲ್ಲಿ ಎಣ್ಣೆಯ ಅಂಶ ಹೆಚ್ಚು. ಹುರಿದು ಸಿಪ್ಪೆ ತೆಗೆದ ಮೇಲೆ ಅದಕ್ಕೆ ಗಾಳಿ ತಗಲುತ್ತಿದ್ದರೆ ಎಣ್ಣೆ ಕೆಡುತ್ತದೆ, ಕುಟ್ಟಿದರೆ ಇನ್ನೂ ಬೇಗ ಕೆಡುತ್ತದೆ. ವಿಚಾರಿಸಿದಾಗ, ಮೂರು ವಾರದ ಹಿಂದೆ ಹುರಿದು ಉಳಿದಿದ್ದ 8 ಕಿಲೋ ಶೇಂಗಾವನ್ನು ಅಂದಿನ ಮಾಲಿಗೆ ಕೂಡಿಸಿದ್ದು ಗೊತ್ತಾಯಿತು. ಕೆಡುಕು ಹೊಕ್ಕಿದ್ದು ಅಲ್ಲಿ.

ಆಮೇಲೆ ತಂದೆ ಮಗ ಕೂತು 70 ಬರಹಗಳನ್ನು ಓದಿ, ರಾಶಿ ಮಾಡುವಾಗ ಕಾಳು, ಜೊಳ್ಳು, ಕಲ್ಲು ಬೇರೆ ಮಾಡುವಂತೆ ಬೇರೆ ಮಾಡಿದರು. ಕೊಂಡು ತಿಂದವರು 6 ಜನ. ನಿರ್ದಿಷ್ಟ ಆರೋಪ ಮಾಡಿದವರು 5 ಜನ: ಬೂಷ್ಟು ಹಿಡಿದ ಶೇಂಗಾ ಹಾಕುತ್ತಾರೆ, ಹತ್ತಿಕಾಳಿನ ಎಣ್ಣೆ ಬೆರೆಸುತ್ತಾರೆ ಎಂದು. ಉಳಿದ 59 ಬರೀ ಗದ್ದಲ. ಅದರಲ್ಲಿ 3 ಮಾತ್ರ ಮನೆಯ ಹೆಣ್ಣುಮಕ್ಕಳನ್ನು ಹೊಲಸಾಗಿ ಬೈದು, ಅವರ ಫೋನ್ ನಂಬರ್ ಹಾಕಿದಂಥವು. ಮುಗಿಬಿದ್ದವರು ಎಪ್ಪತ್ತು ಎಂದು ಕಂಡದ್ದು, ಉತ್ತರಿಸಬೇಕಾದ್ದು ಹನ್ನೊಂದಕ್ಕೆ ಎಂದಾಯಿತು.

ಮರುದಿನ ಒಂದೇ ಉತ್ತರ ಬರೆದು ಪುಟದ ಮೇಲ್ಗಡೆ ನಿಲ್ಲಿಸಿದರು. ದೂರು ಮರಾಠಿಯಲ್ಲಿ ಬಂದದ್ದರಿಂದ ಮೊದಲು ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ. ಅದರ ಸಾರ ಹೀಗಿತ್ತು:

“ಈ ಬ್ಯಾಚಿನ ಚಟ್ನಿ ಕಮಟಾಗಿದೆ ಎಂಬ ದೂರು ನಿಜ. ನಾವೇ ಪಾಕೀಟು ಒಡೆದು ನೋಡಿದ್ದೇವೆ. ಮೂರು ವಾರದ ಹಿಂದೆ ಹುರಿದ ಶೇಂಗಾ ಇದರಲ್ಲಿ ಕೂಡಿತ್ತು, ತಪ್ಪು ನಮ್ಮದು. ಈ ಬ್ಯಾಚಿನ ಪಾಕೀಟು ನಿಮ್ಮಲ್ಲಿದ್ದರೆ ತಿನ್ನಬೇಡಿ. ಒಡೆದ ಪಾಕೀಟು ತಂದರೂ ಹಣ ಮರಳಿ ಕೊಡುತ್ತೇವೆ. ಹತ್ತಿಕಾಳಿನ ಎಣ್ಣೆ ಬೆರೆಸುವುದಿಲ್ಲ. ಚಟ್ನಿಗೆ ನಾವು ಯಾವ ಎಣ್ಣೆಯನ್ನೂ ಹಾಕುವುದಿಲ್ಲ, ಕುಟ್ಟುವಾಗ ಶೇಂಗಾದಿಂದಲೇ ಎಣ್ಣೆ ಬಿಡುತ್ತದೆ. ಯಾರಾದರೂ ಬಂದು ನೋಡಬಹುದು. ಬೂಷ್ಟಿನ ಮಾತನ್ನು ಕಣ್ಣಳತೆಯಿಂದ ಹೇಳಲಾಗದು. ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಏನೇ ಬಂದರೂ ಇಲ್ಲಿಯೇ ಹಾಕುತ್ತೇವೆ. ಹೆಣ್ಣುಮಕ್ಕಳನ್ನು ಬೈದು ನಂಬರ್ ಹಾಕಿದ 3 ಬರಹ ತೆಗೆದಿದ್ದೇವೆ. ಉಳಿದ ಯಾವುದನ್ನೂ ಅಳಿಸುವುದಿಲ್ಲ.”

ಬೂಷ್ಟಿನ ವಿಷಯದಲ್ಲಿ ತಂದೆ ತೋರಿದ ಎಚ್ಚರವನ್ನು ಗಮನಿಸಬೇಕು. ಕಮಟು ಬೇರೆ, ಬೂಷ್ಟು ಬೇರೆ. ಬೂಷ್ಟಿನಿಂದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಹುರಿದ ಮಾತ್ರಕ್ಕೆ ಅದು ಪೂರ್ತಿ ಹೋಗುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. “ನಮ್ಮಲ್ಲಿ ಅಂಥಾದ್ದಿಲ್ಲ” ಎಂದು ಆ ದಿನವೇ ಆಣೆ ಮಾಡಿದ್ದರೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಂತಾಗುತ್ತಿತ್ತು. ನಾಳೆ ಫಲಿತಾಂಶ ಬೇರೆ ಬಂದರೆ ಅವನು ಒಪ್ಪಿಕೊಂಡ ಸತ್ಯವನ್ನೂ ಜನ ನಂಬುತ್ತಿರಲಿಲ್ಲ.

ಇನ್ನು ಉದ್ರಿಯ ಮಾತು. ಆ ಗಿರಾಕಿ ಬಾಕಿ ಉಳಿಸಿಕೊಂಡದ್ದು ನಿಜವೇ ಇರಬಹುದು. ಆದರೆ ಬಾಕಿ ಇದ್ದವನ ನಾಲಿಗೆಗೂ ಕಮಟು ಕಮಟೇ. ಹೇಳಿದವನ ಹುಳುಕು ತೋರಿಸಿದರೆ ಹೇಳಿದ ಮಾತು ಸುಳ್ಳಾಗುವುದಿಲ್ಲ. ಖಾತೆಕೀರ್ದಿಯಲ್ಲಿರುವುದು ಅವನಿಗೂ ಅಂಗಡಿಗೂ ಸಂಬಂಧಪಟ್ಟ ಗುಟ್ಟು. ಅದನ್ನು ಬಯಲಿಗಿಟ್ಟರೆ ಉಳಿದ ಗಿರಾಕಿಗಳೂ “ನಾಳೆ ನಮ್ಮದೂ ಹೀಗೇ” ಎಂದು ಅಂಜುತ್ತಾರೆ. ತಂದೆ ಅವನಿಗೆ ಚಟ್ನಿಯ ಹಣ ಮರಳಿಸಿದ, ಬಾಕಿಯನ್ನು ಎಂದಿನಂತೆ ಬೇರೆಯಾಗಿ ಕೇಳಿದ. “ಹಣ ಕೊಟ್ಟೆವಲ್ಲ, ಬರೆದದ್ದನ್ನು ತೆಗೆ” ಎಂದು ಮಾತ್ರ ಕೇಳಲಿಲ್ಲ. ಹಾಗೆ ಕೇಳಿದ್ದರೆ ಮರಳಿಸಿದ ಹಣ ಬಾಯಿ ಮುಚ್ಚಿಸುವ ಲಂಚವಾಗುತ್ತಿತ್ತು.

ಮರೆಮಾಡುವ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫೇಸ್‌ಬುಕ್ ಪುಟದ ಒಡೆಯನು ಒಂದು ಬರಹವನ್ನು ಅಳಿಸದೆ ಮರೆಮಾಡಬಹುದು. ಆಗ ಬರೆದವನಿಗೂ ಅವನ ಗೆಳೆಯರಿಗೂ ಅದು ಕಾಣುತ್ತಲೇ ಇರುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ತನ್ನ ಮಾತು ಊರಿಗೆ ಮುಟ್ಟಿದೆ ಎಂದು ಅವನು ತಿಳಿದಿರುತ್ತಾನೆ. ಅಳಿಸುವುದು ಬಲಾತ್ಕಾರವಾದರೆ ಇದು ಮೋಸ; ತಕ್ಕಡಿಯ ತಟ್ಟೆಯ ಕೆಳಗೆ ಮೇಣ ಅಂಟಿಸಿದಂತೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಕೆಳಗೆ ಬರುವ ಬರಹಗಳನ್ನಾದರೋ ಅಂಗಡಿಯವನು ಅಳಿಸಲಾರ. ಕೆಳಗೆ ಉತ್ತರ ಬರೆಯಬಹುದು, ನಿಯಮ ಮೀರಿದ್ದರೆ ದೂರು ಕೊಡಬಹುದು. ತೀರ್ಮಾನ ಆ ಕಂಪನಿಯದು. ಬೀಗರಿಂದ ಹುಸಿ ಹೊಗಳಿಕೆ ಬರೆಸುವುದೂ, ಹಣದಾಸೆ ತೋರಿಸಿ ಟೀಕೆ ತೆಗೆಸುವುದೂ ಅಲ್ಲಿಯ ನಿಯಮಕ್ಕೆ ವಿರುದ್ಧ.

ಹಾಗಾದರೆ ನಿಂದೆಯನ್ನು ಏಕೆ ಉಳಿಸಬೇಕು? ಆ ಬರಹ ಅಂಗಡಿಯವನನ್ನು ಕುರಿತದ್ದಾದರೂ ಅವನೊಬ್ಬನಿಗೆ ಬರೆದದ್ದಲ್ಲ. ಮಾರಾಟವಾದ 140 ಪಾಕೀಟು ಯಾರ ಮನೆಯಲ್ಲಿವೆಯೋ ಅವರಿಗೆ ಅದು ಎಚ್ಚರಿಕೆ. ಅದನ್ನು ಅಳಿಸಿದವನು ತನ್ನ ಮಾನ ಉಳಿಸಲು ಮತ್ತೊಬ್ಬರ ಮಕ್ಕಳಿಗೆ ಕೆಟ್ಟದ್ದನ್ನು ಉಣಿಸಿದಂತೆ. ಮತ್ತೆ, ದೂರನ್ನು ಅಳಿಸಿದರೆ ಅದರ ಕೆಳಗಿನ ಉತ್ತರಕ್ಕೂ ನೆಲೆ ಇರುವುದಿಲ್ಲ. ಎರಡೂ ಅಕ್ಕಪಕ್ಕ ಇದ್ದಾಗಲೇ ಹೊಸಬನು ತೂಗಿ ನೋಡಬಲ್ಲ.

ಇದಕ್ಕೆ ಮಿತಿಯೂ ಇದೆ. ಸುಳ್ಳು ಆರೋಪಕ್ಕೆ ಆಧಾರಸಹಿತ ಒಮ್ಮೆ ಉತ್ತರ ಕೊಟ್ಟರೆ ಸಾಕು. ಅದನ್ನೇ ಹಿಡಿದು ವಾದಕ್ಕಿಳಿದರೆ ಬೆಂಕಿಗೆ ಗಾಳಿ ಹಾಕಿದಂತೆ. ಬೆದರಿಕೆ ಬಂದರೆ, ಅಥವಾ “ಇಷ್ಟು ಹಣ ಕೊಡಿ, ತೆಗೆಯುತ್ತೇವೆ” ಎಂದರೆ ಅದು ಟೀಕೆಯಲ್ಲ. ಬರಹದ ಚಿತ್ರ ತೆಗೆದಿಟ್ಟುಕೊಂಡು ಪೊಲೀಸರ ಬಳಿ ಹೋಗಬೇಕು.

ನ್ಯಾಯವಾಗಿ ಉತ್ತರಿಸಿದವನಿಗೆ ಗಿರಾಕಿಗಳೆಲ್ಲ ಮರಳಿ ಬರುತ್ತಾರೆಂದು ಹೇಳಲಾಗದು. ಕೊಂಡ ಆರು ಜನರಲ್ಲಿ ಇಬ್ಬರು ತಾವು ಬರೆದದ್ದನ್ನು ತಿದ್ದಿದರೆ, ನಾಲ್ವರು ಸುಮ್ಮನಿದ್ದಾರು. ಆ ಹಬ್ಬದ ವ್ಯಾಪಾರ ಕಡಿಮೆಯೂ ಆದೀತು. ಆದರೆ ಅಂದಿನಿಂದ ಆ ಮನೆಯಲ್ಲಿ ಹುರಿದ ಶೇಂಗಾದ ಡಬ್ಬಿಯ ಮೇಲೆ ತಾರೀಖು ಬರೆಯುವ ರೂಢಿ ಬಂತು. ಅಳಿಸಿದ್ದರೆ ಆ ತಾರೀಖು ಬೀಳುತ್ತಿರಲಿಲ್ಲ. ಇನ್ನೊಂದು ಮಳೆಗಾಲಕ್ಕೆ ಅದೇ ಕಮಟು ಇನ್ನೊಬ್ಬರ ತಾಟಿಗೆ ಹೋಗುತ್ತಿತ್ತು.